ಮಣಿಕಟ್ಟಿನ ಮೇಲೆ ಎಂಟು ಗಂಟೆ: ಒಂದು ಸ್ಪ್ರೇಯಲ್ಲಿ ಯಾವ ಘಮ ಯಾವಾಗ, ಯಾಕೆ?

ಬೆಳಗ್ಗೆ ಒಂಬತ್ತಕ್ಕೆ ಎಡಗೈ ಮಣಿಕಟ್ಟಿನ ಮೇಲೆ ಒಂದೇ ಒಂದು ಸಲ ಸ್ಪ್ರೇ ಮಾಡಿಕೊಂಡೆ. ಅದೇ ಗಳಿಗೆಯಲ್ಲಿ ಪಕ್ಕದಲ್ಲಿದ್ದ ಪೇಪರ್ ಪಟ್ಟಿಯ ಮೇಲೂ ಒಂದು ಸ್ಪ್ರೇ ಹೊಡೆದೆ. ಅದು ಅಂಗಡಿಯಿಂದ ತಂದ ಪರ್ಫ್ಯೂಮ್ ಅಲ್ಲ. ನಾಲ್ಕೇ ನಾಲ್ಕು ಪದಾರ್ಥ ತೂಗಿ, ಆಲ್ಕೋಹಾಲ್‌ನಲ್ಲಿ ಕರಗಿಸಿ ಇಟ್ಟುಕೊಂಡಿದ್ದ ಮಿಶ್ರಣ. ಕಿತ್ತಳೆ, ನಿಂಬೆ ಸಿಪ್ಪೆಗಳ ಘಮಕ್ಕೆ ಮುಖ್ಯ ಕಾರಣವಾದ ಲಿಮೋನಿನ್ ನಾಲ್ಕು ಪಾಲು. ಗುಲಾಬಿಯ ಕಂಪು ಕೊಡುವ ಫೀನೈಲ್‌ಎಥೈಲ್ ಆಲ್ಕೋಹಾಲ್ ಮೂರು ಪಾಲು. ಗ್ಯಾಲಾಕ್ಸೊಲೈಡ್ ಅನ್ನುವ, ಕಸ್ತೂರಿ ಜಾತಿಯ ಘಮದ ಮಸ್ಕ್ ಎರಡು ಪಾಲು. ವೆನಿಲಾದ ಸಿಹಿ ಘಮದ ವೆನಿಲಿನ್ ಒಂದು ಪಾಲು. ಇಷ್ಟೇ.

ಒಳ್ಳೆಯ ಪರ್ಫ್ಯೂಮ್ ಒಂದರಲ್ಲಿ ಐವತ್ತು, ನೂರು ಪದಾರ್ಥಗಳಿರುತ್ತವೆ. ಅಷ್ಟು ಜನರ ಗದ್ದಲದಲ್ಲಿ ಯಾರು ಯಾವಾಗ ಎದ್ದುಹೋದರು ಅಂತ ಗೊತ್ತಾಗುವುದಿಲ್ಲ. ನಾಲ್ಕೇ ಜನ ಇದ್ದರೆ ಒಬ್ಬೊಬ್ಬರ ಮೇಲೂ ಕಣ್ಣಿಡಬಹುದು. ಅದಕ್ಕೇ ಈ ಬಡ ಮಿಶ್ರಣ.

ಮೊದಲ ಅರ್ಧ ನಿಮಿಷ ಕೈ ತಣ್ಣಗಾಯಿತು, ಮೂಗಿಗೆ ಸ್ಪಿರಿಟ್ ಹೊಡೆಯಿತು. ಆಲ್ಕೋಹಾಲ್ ಆರುವಾಗ ಚರ್ಮದ ಬಿಸಿಯನ್ನು ಹೊತ್ತೊಯ್ಯುತ್ತದೆ, ಆ ತಂಪು ಅದರದ್ದು. ಆಮೇಲೆ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಚುರುಕಾದ ಘಮ. ಒಂಬತ್ತೂಕಾಲು ದಾಟುವಾಗ ಅದು ತೆಳ್ಳಗಾಗಿ ಗುಲಾಬಿ ಮುಂದೆ ಬಂದಿತ್ತು. ಹನ್ನೆರಡರ ಹೊತ್ತಿಗೆ ಗುಲಾಬಿಯೂ ಸೊರಗಿ, ಸಿಹಿ ಜಾಸ್ತಿಯಾಗಿತ್ತು. ಸಂಜೆ ಐದಕ್ಕೆ ಮಣಿಕಟ್ಟನ್ನು ಮೂಗಿಗೆ ಒತ್ತಿ ಹಿಡಿದರೆ ಮಾತ್ರ ಸಿಗುವ ವೆನಿಲಾ, ಅದರ ಜೊತೆ ಒಗೆದು ಒಣಗಿಸಿದ ಬಟ್ಟೆಯಂಥ ಮಸ್ಕ್ ಉಳಿದಿತ್ತು.

ಟಾಪ್ ನೋಟ್, ಹಾರ್ಟ್ ನೋಟ್, ಬೇಸ್ ನೋಟ್ ಅಂತ ಪರ್ಫ್ಯೂಮ್ ಲೋಕ ಹೇಳುವುದು ಇದನ್ನೇ. ಬಾಟಲಿ ಮಾರುವವರು ಇದನ್ನು ಒಂದು ಪಿರಮಿಡ್ ಚಿತ್ರವಾಗಿ ಬರೆದು ತೋರಿಸುತ್ತಾರೆ. ತುದಿಯಲ್ಲಿ ನಿಂಬೆ ಜಾತಿ, ನಡುವೆ ಹೂವುಗಳು, ಬುಡದಲ್ಲಿ ಮರ, ಮಸ್ಕ್, ವೆನಿಲಾ. ಚಿತ್ರ ಸುಲಭವಾಗಿ ಅರ್ಥವಾಗುತ್ತದೆ ನಿಜ. ಆದರೆ ಅದನ್ನು ನೋಡಿದವರು ಒಂದು ತಪ್ಪು ಕಲ್ಪನೆ ಕಟ್ಟಿಕೊಳ್ಳುತ್ತಾರೆ. ಮೂರು ಪದರಗಳಿವೆ, ಮೇಲಿನದು ಕಳಚಿದ ಮೇಲೆ ಕೆಳಗಿನದು ತೆರೆದುಕೊಳ್ಳುತ್ತದೆ ಅಂತ. ಹಾಗಿಲ್ಲ. ನನ್ನ ಕೈಮೇಲೆ ಸಂಜೆ ಐದಕ್ಕೆ ಸಿಕ್ಕ ವೆನಿಲಿನ್ ಬೆಳಗ್ಗೆ ಒಂಬತ್ತಕ್ಕೇ ಗಾಳಿಗೆ ಏಳಲು ಶುರು ಮಾಡಿತ್ತು. ನಾಲ್ಕೂ ಒಟ್ಟಿಗೇ ಹೊರಟವು. ಬೇರೆ ಬೇರೆಯಾಗಿದ್ದು ಅವುಗಳ ವೇಗ ಮಾತ್ರ.

ಈ ಮೂರು ಹೆಸರಿನ ಹಿಂದೆ ಒಂದು ಕಾಗದದ ಕಥೆ ಇದೆ. ವಿಲಿಯಂ ಪೌಚರ್ ಎಂಬ ಬ್ರಿಟಿಷ್ ಸುಗಂಧ ತಜ್ಞ 1955ರಲ್ಲಿ ಒಂದು ವರ್ಗೀಕರಣ ಪ್ರಕಟಿಸಿದ. ಒಂದೊಂದೇ ಪದಾರ್ಥವನ್ನು ಕಾಗದದ ಪಟ್ಟಿಗೆ ತಾಗಿಸಿ, ಅದರ ಗುರುತಿನ ಘಮ ಎಷ್ಟು ದಿನ ಉಳಿಯುತ್ತದೆ ಅಂತ ಮೂಸಿ ಮೂಸಿ ಬರೆದುಕೊಂಡು, 1ರಿಂದ 100ರವರೆಗೆ ಅಂಕ ಕೊಟ್ಟ. 1ರಿಂದ 14 ಬಂದವು ಟಾಪ್, 15ರಿಂದ 60 ಬಂದವು ನಡುವಿನವು, 61ರಿಂದ 100 ಬಂದವು ಬೇಸ್. ತಾಳ್ಮೆಯ ಕೆಲಸ ಅದು. ಪರ್ಫ್ಯೂಮ್ ತಯಾರಿಸುವವರಿಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಎರಡು ವಿಷಯ ನೆನಪಿಡಬೇಕು. ಅವನು ಅಳೆದದ್ದು ಕಾಗದದ ಮೇಲೆ, ಚರ್ಮದ ಮೇಲಲ್ಲ. ಅವನು ಅಳೆದದ್ದು ಒಂಟಿ ಪದಾರ್ಥವನ್ನು, ಮಿಶ್ರಣವನ್ನಲ್ಲ. ನಮ್ಮ ಮಣಿಕಟ್ಟಿನ ಮೇಲೆ ನಡೆಯುವ ಆಟವೆಲ್ಲ ಈ ಎರಡು ವ್ಯತ್ಯಾಸಗಳಲ್ಲೇ ಇದೆ.

ಮೊದಲು ವೇಗದ ಮಾತು. ಒಂದು ಪದಾರ್ಥದ ವಾಸನೆ ಬರಬೇಕಾದರೆ ಅದರ ಅಣುಗಳು ದ್ರವ ಬಿಟ್ಟು ಗಾಳಿಗೆ ಹಾರಬೇಕು. ಕೆಲವು ಬೇಗ ಹಾರುತ್ತವೆ, ಕೆಲವು ಹಾರಲು ಒಲ್ಲೆ ಅನ್ನುತ್ತವೆ. ಯಾಕೆ ಅಂತ ಕೇಳಿದರೆ ‘ಹಗುರ ಅಣು ಬೇಗ ಹಾರುತ್ತದೆ, ಭಾರದ್ದು ನಿಧಾನ’ ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ನಾನೂ ಬಹಳ ದಿನ ಅದನ್ನೇ ನಂಬಿದ್ದೆ. ನಮ್ಮ ನಾಲ್ಕು ಪದಾರ್ಥಗಳನ್ನು ಸಾಲಾಗಿ ನಿಲ್ಲಿಸಿದರೆ ಆ ಉತ್ತರ ನಿಲ್ಲುವುದಿಲ್ಲ.

ಅಣುತೂಕ ನೋಡಿ. ಗುಲಾಬಿಯದು 122. ಲಿಮೋನಿನ್ 136. ವೆನಿಲಿನ್ 152. ಮಸ್ಕ್ 258. ತೂಕವೇ ಎಲ್ಲವನ್ನೂ ತೀರ್ಮಾನಿಸುವುದಾದರೆ ಗುಲಾಬಿ ಎಲ್ಲಕ್ಕಿಂತ ಮೊದಲು ಹಾರಿಹೋಗಬೇಕಿತ್ತು. ಹಾರಿದ್ದು ಲಿಮೋನಿನ್. ಕೋಣೆಯ ಬಿಸಿಯಲ್ಲಿ ಲಿಮೋನಿನ್‌ನ ಆವಿಯ ಒತ್ತಡ, ಅಂದರೆ ಅದು ಗಾಳಿಗೆ ಹಾರುವ ಒಲವು, ಗುಲಾಬಿಯದರ ಹದಿನೈದು, ಇಪ್ಪತ್ತು ಪಟ್ಟು ಇರುತ್ತದೆ. ವೆನಿಲಿನ್ ಜೊತೆ ಹೋಲಿಸಿದರಂತೂ ಸುಮಾರು ಹತ್ತು ಸಾವಿರ ಪಟ್ಟು. ಎರಡರ ತೂಕದಲ್ಲಿರುವ ವ್ಯತ್ಯಾಸ ಎಷ್ಟು? ಬರೀ 16. ಇನ್ನೂ ಸೋಜಿಗ ಅಂದರೆ, ನಾಲ್ವರಲ್ಲಿ ಅತಿ ಭಾರದ ಮಸ್ಕ್ ಕೂಡ ಹಗುರವಾದ ವೆನಿಲಿನ್‌ಗಿಂತ ಸ್ವಲ್ಪ ಸುಲಭವಾಗಿಯೇ ಹಾರುತ್ತದೆ.

ತೂಕಕ್ಕಿಂತ ಇಲ್ಲಿ ಮುಖ್ಯವಾದದ್ದು ಅಣುಗಳು ಒಂದನ್ನೊಂದು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿವೆ ಅನ್ನುವುದು. ಲಿಮೋನಿನ್‌ನಲ್ಲಿರುವುದು ಇಂಗಾಲ ಮತ್ತು ಹೈಡ್ರೋಜನ್ ಮಾತ್ರ. ಪಕ್ಕದ ಅಣುವನ್ನು ಹಿಡಿಯಲು ಅದಕ್ಕೆ ಕೈಯೇ ಇಲ್ಲ ಅನ್ನಬಹುದು. ಸ್ವಲ್ಪ ಬಿಸಿ ತಾಗಿದರೆ ಸಾಕು, ಎದ್ದು ಹೊರಡುತ್ತದೆ. ಗುಲಾಬಿಯ ಅಣುವಿಗೆ ತುದಿಯಲ್ಲಿ ಆಮ್ಲಜನಕ-ಹೈಡ್ರೋಜನ್ ಜೋಡಿ ಇದೆ. ಅದು ಅಕ್ಕಪಕ್ಕದ ಅಣುಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತದೆ. ನೀರಿನಂಥ ಪುಟ್ಟ ಅಣು ಕುದಿಯಲು ನೂರು ಡಿಗ್ರಿ ಕೇಳುವುದಕ್ಕೂ ಇದೇ ಹಿಡಿತ ಕಾರಣ. ವೆನಿಲಿನ್‌ಗೆ ಅಂಥ ಹಿಡಿತದ ಜಾಗಗಳು ಒಂದಲ್ಲ, ಹಲವು ಇವೆ. ಜೊತೆಗೆ ಅದು ಚಪ್ಪಟೆ ಅಣು, ಒಂದರ ಮೇಲೊಂದು ಚೆನ್ನಾಗಿ ಕೂರುತ್ತದೆ. ಅದಕ್ಕೇ ಕೋಣೆಯ ಬಿಸಿಯಲ್ಲಿ ಅದು ದ್ರವವೂ ಅಲ್ಲ, ಬಿಳಿ ಹರಳಿನ ಪುಡಿ. ಕರಗಬೇಕಾದರೆ 81 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಮಸ್ಕ್ ಭಾರವಿದ್ದರೂ ಅದಕ್ಕೆ ಇಷ್ಟು ಗಟ್ಟಿ ಹಿಡಿತ ಇಲ್ಲ.

ಇನ್ನು ಮಿಶ್ರಣದ ಮಾತು. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಒಂದು ಸ್ಪ್ರೇಯಲ್ಲಿ ಸುಮಾರು 0.1 ಮಿಲಿಲೀಟರ್ ದ್ರವ ಬರುತ್ತದೆ. ನನ್ನ ಬಾಟಲಿಯಲ್ಲಿ ಘಮದ ಪದಾರ್ಥ ನೂರಕ್ಕೆ 15 ಪಾಲು, ಉಳಿದದ್ದು ಆಲ್ಕೋಹಾಲ್. ಆಲ್ಕೋಹಾಲ್ ಆರಿದ ಮೇಲೆ ಚರ್ಮದ ಮೇಲೆ ಉಳಿಯುವುದು 12 ಮಿಲಿಗ್ರಾಂ ಆಸುಪಾಸು. ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಎಣ್ಣೆಯ ಪದರ. ಅದರಿಂದ ನೂರು ಅಣುಗಳನ್ನು ಆರಿಸಿ ಎಣಿಸಿದೆವು ಅಂತ ಇಟ್ಟುಕೊಳ್ಳಿ. ನಾನು ತೂಗಿದ ಲೆಕ್ಕದ ಪ್ರಕಾರ 43 ಲಿಮೋನಿನ್, 36 ಗುಲಾಬಿ, 11 ಮಸ್ಕ್, 10 ವೆನಿಲಿನ್ ಸಿಗುತ್ತವೆ.

ಮಿಶ್ರಣದಲ್ಲಿ ಒಂದು ಪದಾರ್ಥ ಎಷ್ಟು ಹಾರುತ್ತದೆ ಅನ್ನುವುದು ಎರಡರ ಮೇಲೆ ನಿಂತಿದೆ. ಅದರ ಸ್ವಂತ ಹಾರುವ ಗುಣ ಒಂದು, ಆ ನೂರರಲ್ಲಿ ಅದರ ಪಾಲು ಎಷ್ಟು ಅನ್ನುವುದು ಇನ್ನೊಂದು. ರಸಾಯನಶಾಸ್ತ್ರದಲ್ಲಿ ಇದಕ್ಕೆ ರಾವೂಲ್ಟ್ ನಿಯಮ ಅನ್ನುತ್ತಾರೆ. ಇವೆರಡನ್ನು ಗುಣಿಸಿದರೆ ಮೊದಲ ನಿಮಿಷದಲ್ಲಿ ಗಾಳಿಗೆ ಏಳುವ ನೂರು ಅಣುಗಳಲ್ಲಿ ಸುಮಾರು 95 ಲಿಮೋನಿನ್. ಉಳಿದವು ಬಹುಪಾಲು ಗುಲಾಬಿ. ವೆನಿಲಿನ್ ಹತ್ತಾರು ಸಾವಿರಕ್ಕೆ ಒಂದು. ಕಿತ್ತಳೆ ಸಿಪ್ಪೆಯೇ ಮೂಗಿನ ತುಂಬ ತುಂಬಿಕೊಂಡದ್ದರಲ್ಲಿ ಆಶ್ಚರ್ಯ ಏನೂ ಇಲ್ಲ ಅಲ್ವಾ?

ಈಗ ಲಿಮೋನಿನ್ ಪೂರ್ತಿ ಖಾಲಿಯಾಯಿತು ಅನ್ನಿ. ಚರ್ಮದ ಮೇಲಿನ ಪದರ ಕುಗ್ಗಿತು. ವೆನಿಲಿನ್‌ಗೆ ಹೊಸದಾಗಿ ಏನೂ ಸೇರಲಿಲ್ಲ. ಆದರೂ ನೂರಕ್ಕೆ 10 ಇದ್ದ ಅದರ ಪಾಲು 17 ಆಯಿತು. ಗುಲಾಬಿಯ ಪಾಲು 36ರಿಂದ 63ಕ್ಕೆ ಏರಿತು. ಮುಂದೆ ಗುಲಾಬಿಯೂ ಹೋಯಿತು. ಆಗ ಉಳಿದ ಇಬ್ಬರಲ್ಲಿ ವೆನಿಲಿನ್ 46, ಮಸ್ಕ್ 54. ಅಂದರೆ ಬೆಳಗ್ಗೆ ಎಷ್ಟು ವೆನಿಲಿನ್ ಗಾಳಿಗೆ ಏಳುತ್ತಿತ್ತೋ, ಮಧ್ಯಾಹ್ನದ ಮೇಲೆ ಅದರ ನಾಲ್ಕೂವರೆ ಪಟ್ಟು ಏಳುತ್ತದೆ. ಬೇರೆಯವರು ಹೋದರು ಅಷ್ಟೇ, ಅದು ತನ್ನಷ್ಟಕ್ಕೆ ತಾನು ಬಲವಾಯಿತು.

ಬೇಸ್ ನೋಟ್ ‘ತೆರೆದುಕೊಳ್ಳುತ್ತದೆ’ ಅಂತ ಜನ ಹೇಳುವ ಮಾತಿನಲ್ಲಿ ಇಷ್ಟರಮಟ್ಟಿಗೆ ಸತ್ಯ ಇದೆ. ಮುಚ್ಚಿದ್ದು ತೆರೆಯುವುದಿಲ್ಲ, ಆದರೆ ಇದ್ದದ್ದು ನಿಜವಾಗಿಯೂ ಏರುತ್ತದೆ. ಇದೇ ಲೆಕ್ಕವನ್ನು ಹಿಂದುಮುಂದಾಗಿ ನೋಡಿದರೆ, ಬೇಸ್ ಪದಾರ್ಥಗಳು ಉಳಿದವನ್ನು ಹಿಡಿದಿಡುತ್ತವೆ ಎಂಬ ಹಳೆಯ ಮಾತೂ ಅರ್ಥವಾಗುತ್ತದೆ. ಮಿಶ್ರಣದಲ್ಲಿ ಮಸ್ಕ್ ಜಾಸ್ತಿ ಇದ್ದಷ್ಟೂ ನೂರರಲ್ಲಿ ಲಿಮೋನಿನ್‌ನ ಪಾಲು ಕಮ್ಮಿ. ಹಾಗಾಗಿ ಅದು ಸ್ವಲ್ಪ ಮೆತ್ತಗೆ, ಸ್ವಲ್ಪ ಹೆಚ್ಚು ಹೊತ್ತು ಹಾರುತ್ತದೆ. ಆದರೆ ಇದಕ್ಕೊಂದು ಮಿತಿ ಇದೆ. ಎಷ್ಟೇ ಮಸ್ಕ್ ಸುರಿದರೂ ಹತ್ತು ಸಾವಿರ ಪಟ್ಟಿನ ವ್ಯತ್ಯಾಸ ಅಳಿಸಿಹೋಗುವುದಿಲ್ಲ. ಕಿತ್ತಳೆ ಸಿಪ್ಪೆಯ ಘಮವನ್ನು ಚರ್ಮದ ಮೇಲೆ ಸಂಜೆವರೆಗೆ ಉಳಿಸುತ್ತೇವೆ ಅಂತ ಯಾರಾದರೂ ಹೇಳಿದರೆ, ಅಲ್ಲಿರುವುದು ಬಹುಶಃ ಲಿಮೋನಿನ್ ಅಲ್ಲ, ಅದರ ನೆನಪು ತರಿಸುವ ಬೇರೆ, ನಿಧಾನದ ಪದಾರ್ಥ.

ಹತ್ತಾರು ಸಾವಿರಕ್ಕೆ ಒಂದು ಇದ್ದ ವೆನಿಲಿನ್ ಬೆಳಗ್ಗೆ ಮೂಗಿಗೆ ಗೊತ್ತಾಗುವುದೇ ಇಲ್ಲವಾ? ಇದನ್ನು ನೋಡಲು ನಾನು ಇನ್ನೊಂದು ಪುಟ್ಟ ಬಾಟಲಿ ಮಾಡಿದೆ. ಎಲ್ಲ ಅದೇ, ವೆನಿಲಿನ್ ಮಾತ್ರ ಇಲ್ಲ. ಎಡಗೈಗೆ ಮೊದಲನೆಯದು, ಬಲಗೈಗೆ ಇದು. ಎರಡನೇ ನಿಮಿಷದಲ್ಲೇ ವ್ಯತ್ಯಾಸ ಸಿಕ್ಕಿತು. ಬಲಗೈಯ ಕಿತ್ತಳೆ ಒರಟು, ಅದರಲ್ಲಿ ಪೇಂಟ್ ತೆಳುಮಾಡುವ ಟರ್ಪಂಟೈನ್‌ನ ಛಾಯೆ. ಎಡಗೈಯ ಕಿತ್ತಳೆ ದುಂಡಗೆ, ಸಿಪ್ಪೆಯ ಜೊತೆ ತೊಳೆಯೂ ಸೇರಿದ ಹಾಗೆ. ವೆನಿಲಾ ಅಂತ ಹೆಸರು ಹಿಡಿದು ಹೇಳುವಷ್ಟು ಅದು ಕಾಣಿಸಲಿಲ್ಲ, ಆದರೆ ಪಕ್ಕದವರ ಗುಣ ಬದಲಾಯಿಸಿತ್ತು. ಮೂಗು ಅಣುಗಳ ತಲೆ ಎಣಿಸುವುದಿಲ್ಲ. ಲಿಮೋನಿನ್ ಗೊತ್ತಾಗಬೇಕಾದರೆ ಗಾಳಿಯಲ್ಲಿ ತುಂಬ ಅಣುಗಳು ಬೇಕು. ವೆನಿಲಿನ್ ಗೊತ್ತಾಗಲು ಅತಿ ಸ್ವಲ್ಪ ಸಾಕು. ಹಾರುವುದರಲ್ಲಿ ಹಿಂದೆ ಬಿದ್ದದ್ದನ್ನು ಅದು ಮೂಗಿನಲ್ಲಿ ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ.

ಹಾಗಾಗಿ ಟಾಪ್ ನೋಟ್ ಅನ್ನುವುದು ಬರೀ ಟಾಪ್ ಪದಾರ್ಥಗಳ ಘಮ ಅಲ್ಲ. ಎಲ್ಲವೂ ಇದ್ದು, ಬೇಗ ಹಾರುವವು ಜೋರಾಗಿರುವ ಹೊತ್ತಿನ ಘಮ ಅದು. ಬೇಸ್ ನೋಟ್ ಮಾತ್ರವೇ, ಕೊನೆಯಲ್ಲಿ, ನಿಜವಾಗಿ ಒಂಟಿಯಾಗಿ ಸಿಗುವುದು.

ಈಗ ಚರ್ಮಕ್ಕೆ ಬರೋಣ. ಮೇಲೆ ಮಾಡಿದ ಲೆಕ್ಕದಲ್ಲಿ ನಾಲ್ಕು ಪದಾರ್ಥ ಇದ್ದವು. ಚರ್ಮದ ಮೇಲೆ ಐದನೆಯದೊಂದು ಮೊದಲೇ ಕೂತಿರುತ್ತದೆ, ಅದು ನಮ್ಮ ಮೈಯ ಜಿಡ್ಡು. ಘಮದ ಪದಾರ್ಥಗಳಲ್ಲಿ ಹೆಚ್ಚಿನವು ಎಣ್ಣೆಯ ಜೊತೆ ಚೆನ್ನಾಗಿ ಬೆರೆಯುತ್ತವೆ. ಅವು ಆ ಜಿಡ್ಡಿನಲ್ಲಿ ಕರಗುತ್ತವೆ, ಅಲ್ಲಿಂದ ಚರ್ಮದ ಹೊರಪದರದ ಸತ್ತ ಜೀವಕೋಶಗಳ ಸಂದಿಯಲ್ಲಿರುವ ಕೊಬ್ಬಿಗೂ ಇಳಿಯುತ್ತವೆ. ಲಿಮೋನಿನ್‌ಗೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ, ಬಹುಪಾಲು ಹಾರಿಹೋಗಿರುತ್ತದೆ. ಮಸ್ಕ್‌ಗೆ ಬೇಕಾದಷ್ಟು ಸಮಯ ಇದೆ. ಅದು ಒಳಗೆ ಸೇರಿಕೊಂಡು ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಸೋಪು ಹಾಕಿ ಕೈ ತೊಳೆದ ಮೇಲೂ ಮಸ್ಕ್ ಇನ್ನೂ ಸಿಗುವುದು ಇದಕ್ಕೇ. ಈ ಐದನೆಯವನು ಸೇರಿಕೊಂಡದ್ದರಿಂದ ನನ್ನ ನಾಲ್ಕೂವರೆ ಪಟ್ಟಿನ ಲೆಕ್ಕವೂ ಸ್ವಲ್ಪ ಸಡಿಲವಾಗುತ್ತದೆ. ಹಾರಿಹೋದವರ ಜಾಗವನ್ನು ಜಿಡ್ಡು ತುಂಬುತ್ತದೆ, ವೆನಿಲಿನ್ ಲೆಕ್ಕದಷ್ಟು ಎತ್ತರಕ್ಕೆ ಏರುವುದಿಲ್ಲ. ಏರುವ ದಿಕ್ಕು ಮಾತ್ರ ಅದೇ.

ಒಣ ಚರ್ಮದವರು ‘ನನ್ನ ಮೈಮೇಲೆ ಪರ್ಫ್ಯೂಮ್ ನಿಲ್ಲುವುದೇ ಇಲ್ಲ’ ಅನ್ನುತ್ತಾರೆ. ಜಿಡ್ಡು ಕಮ್ಮಿ ಇದ್ದರೆ ಹಿಡಿದಿಡುವ ಜಾಗವೂ ಕಮ್ಮಿ, ಹಾಗಾಗಿ ಅದರಲ್ಲಿ ಹುರುಳಿದೆ. ವಾಸನೆ ಇಲ್ಲದ ಕ್ರೀಮ್ ಅಥವಾ ಎಣ್ಣೆ ಸ್ವಲ್ಪ ಸವರಿ, ಅದರ ಮೇಲೆ ಸ್ಪ್ರೇ ಮಾಡಿದರೆ ಘಮ ಹೆಚ್ಚು ಹೊತ್ತು ಇರುತ್ತದೆ. ಆದರೆ ಇದು ಪುಕ್ಕಟೆ ಸಿಗುವ ಲಾಭ ಅಲ್ಲ. ಅಷ್ಟೇ ಪದಾರ್ಥ ಹೆಚ್ಚು ಎಣ್ಣೆಯಲ್ಲಿ ಹಂಚಿಹೋಗುತ್ತದೆ, ಆದ್ದರಿಂದ ಯಾವ ಗಳಿಗೆಯಲ್ಲಿ ನೋಡಿದರೂ ಗಾಳಿಗೆ ಏಳುವುದು ಕಮ್ಮಿ. ದೀರ್ಘ ಬೇಕಾದರೆ ಜೋರನ್ನು ಬಿಡಬೇಕು. ಆಲ್ಕೋಹಾಲ್ ಇಲ್ಲದ ಎಣ್ಣೆ ಆಧಾರದ ಅತ್ತರುಗಳು ಮೈಗೆ ಹತ್ತಿರವಾಗಿ, ಮೆಲ್ಲಗೆ, ತುಂಬ ಹೊತ್ತು ಘಮಿಸುವುದರ ಹಿಂದೆಯೂ ಇದೇ ಲೆಕ್ಕ ಇದೆ.

ಇನ್ನೊಂದು ಬಿಸಿ. ಮಣಿಕಟ್ಟಿನ ಚರ್ಮ ಸಾಮಾನ್ಯವಾಗಿ 32 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಪೇಪರ್ ಪಟ್ಟಿ ಕೋಣೆಯಷ್ಟೇ ತಣ್ಣಗೆ, 22 ಅನ್ನೋಣ. ಈ ಹತ್ತು ಡಿಗ್ರಿಗೆ ಲಿಮೋನಿನ್‌ನ ಹಾರಾಟ ಸುಮಾರು ಎರಡು ಪಟ್ಟು ಆಗುತ್ತದೆ. ಗಟ್ಟಿಯಾಗಿ ಹಿಡಿದುಕೊಳ್ಳುವ ವೆನಿಲಿನ್‌ಗೆ ಇದರ ಲಾಭ ಇನ್ನೂ ಜಾಸ್ತಿ, ಮೂರು ಪಟ್ಟಿನ ಹತ್ತಿರ. ಅಂದರೆ ಚರ್ಮದ ಬಿಸಿ ಎಲ್ಲವನ್ನೂ ಸಮನಾಗಿ ಓಡಿಸುವುದಿಲ್ಲ, ನಿಧಾನದವರಿಗೆ ಸ್ವಲ್ಪ ಹೆಚ್ಚು ಕೈ ಕೊಟ್ಟು ಎತ್ತುತ್ತದೆ. ಅದಕ್ಕೇ ಅದೇ ಪರ್ಫ್ಯೂಮ್ ಕಾಗದದ ಮೇಲೆ ಚೂಪಾಗಿಯೂ ತೆಳುವಾಗಿಯೂ, ಕೈಮೇಲೆ ಬೆಚ್ಚಗೆ ಸಿಹಿಯಾಗಿಯೂ ಅನಿಸುತ್ತದೆ. ನನ್ನ ಪಟ್ಟಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಮೂಸಿದರೆ ಗುಲಾಬಿ ಇನ್ನೂ ಗಟ್ಟಿಯಾಗಿಯೇ ಇತ್ತು. ಕೈಮೇಲೆ ಸಂಜೆ ಐದಕ್ಕೆ ಬಂದ ಸ್ಥಿತಿಗೆ ಪಟ್ಟಿ ಬಂದದ್ದು ಮರುದಿನ. ಮೂರು ವಾರದ ಮೇಲೂ ಅದರಲ್ಲಿ ವೆನಿಲಾ ಇತ್ತು. ಪೌಚರ್‌ನ ಅಂಕಗಳು ದಿನಗಳಲ್ಲಿ ಇರುವುದೂ, ನಮ್ಮ ಅನುಭವ ಗಂಟೆಗಳಲ್ಲಿ ಇರುವುದೂ ಇದರಿಂದಲೇ.

ಮಣಿಕಟ್ಟು ಮಣಿಕಟ್ಟು ಉಜ್ಜಬಾರದು, ಅಣುಗಳು ಮುರಿಯುತ್ತವೆ ಅಂತ ಹೇಳುವುದನ್ನು ಕೇಳಿರುತ್ತೀರಿ. ಕೈ ಉಜ್ಜಿದರೆ ಅಣು ಮುರಿಯುವುದಿಲ್ಲ, ಅದಕ್ಕೆ ಬೇಕಾದ ಶಕ್ತಿಯೇ ಬೇರೆ. ಆಗುವುದು ಇಷ್ಟು. ಪದರ ಅಗಲವಾಗುತ್ತದೆ, ತೆಳ್ಳಗಾಗುತ್ತದೆ, ಬೆಚ್ಚಗಾಗುತ್ತದೆ, ಜಿಡ್ಡಿನಲ್ಲಿ ಬೇಗ ಬೆರೆಯುತ್ತದೆ. ಹದಿನೈದು ನಿಮಿಷ ಇರಬೇಕಾದ ಲಿಮೋನಿನ್ ಏಳೆಂಟು ನಿಮಿಷಕ್ಕೆ ಖಾಲಿ. ಗುಲಾಬಿ, ವೆನಿಲಾಗಳಲ್ಲಿ ವ್ಯತ್ಯಾಸ ಅಷ್ಟು ಗೊತ್ತಾಗುವುದಿಲ್ಲ. ಆರಂಭದ ಆ ಚುರುಕು ನಿಮಗೆ ಇಷ್ಟವಿದ್ದರೆ ಉಜ್ಜಬೇಡಿ, ಅಷ್ಟೇ. ಚರ್ಮದ ಪಿಎಚ್ ಪರ್ಫ್ಯೂಮನ್ನು ಬದಲಿಸುತ್ತದೆ ಎಂಬ ಮಾತಿಗೂ ಜನ ತುಂಬ ಮಹತ್ವ ಕೊಡುತ್ತಾರೆ. ಬಿಸಿ, ಜಿಡ್ಡು, ಬೆವರು, ಹಚ್ಚಿದ ಪ್ರಮಾಣ, ಇವು ನಾಲ್ಕನ್ನು ಸರಿಯಾಗಿ ನೋಡಿದರೆ ಒಬ್ಬರ ಕೈಗೂ ಇನ್ನೊಬ್ಬರ ಕೈಗೂ ಕಾಣುವ ವ್ಯತ್ಯಾಸದ ಬಹುಪಾಲು ಅರ್ಥವಾಗಿಬಿಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೂ ಒಂದು ತೊಡಕು ಉಳಿಯುತ್ತದೆ, ಅದು ಮೂಗಿನದು. ಒಂದೇ ಘಮ ಬಿಡದೆ ಬರುತ್ತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಪರ್ಫ್ಯೂಮ್ ಹೋಯಿತು ಅಂದುಕೊಂಡು ಇನ್ನೊಂದು ಸಲ ಸ್ಪ್ರೇ ಮಾಡಿಕೊಳ್ಳುತ್ತೇವೆ, ಪಕ್ಕದಲ್ಲಿ ಕೂತವರು ಕಿಟಕಿ ತೆಗೆಯುತ್ತಾರೆ. ಮಸ್ಕ್ ವಿಷಯದಲ್ಲಿ ಇದು ಇನ್ನೂ ಮುಂದೆ ಹೋಗುತ್ತದೆ. ಬೇರೆಲ್ಲ ವಾಸನೆ ಚೆನ್ನಾಗಿ ಗೊತ್ತಾಗುವ ಕೆಲವರಿಗೆ ಯಾವುದೋ ಒಂದು ಮಸ್ಕ್ ಮಾತ್ರ ಹುಟ್ಟಿನಿಂದಲೇ ಸರಿಯಾಗಿ ಗೊತ್ತಾಗುವುದಿಲ್ಲ. ಅಂಥವರ ಕೈಮೇಲೆ ನನ್ನ ಮಿಶ್ರಣ ಇದ್ದರೆ ಸಂಜೆ ಐದಕ್ಕೆ ಬರೀ ವೆನಿಲಾ. ಗ್ಯಾಲಾಕ್ಸೊಲೈಡ್ ಹೆಚ್ಚಿರುವ ಪರ್ಫ್ಯೂಮ್ ಆದರೆ ಮಧ್ಯಾಹ್ನಕ್ಕೇ ಮುಗಿದ ಹಾಗೆ ಅನಿಸಬಹುದು. ಬಾಟಲಿಯಲ್ಲೂ ತಪ್ಪಿಲ್ಲ, ಚರ್ಮದಲ್ಲೂ ತಪ್ಪಿಲ್ಲ. ಘಮ ಇದೆಯೋ ಇಲ್ಲವೋ ಅಂತ ತಿಳಿಯಲು ಒಳ್ಳೆಯ ದಾರಿ, ಇನ್ನೊಬ್ಬರ ಮೂಗು. ಇಲ್ಲವಾದರೆ ಹೊರಗೆ ಹೋಗಿ, ಅರ್ಧ ಗಂಟೆ ಬೇರೆ ಗಾಳಿಯಲ್ಲಿದ್ದು ಬಂದು, ಮತ್ತೆ ಮೂಸಿ ನೋಡುವುದು.

ಇದೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಪರ್ಫ್ಯೂಮ್ ಕೊಳ್ಳುವ ರೀತಿಗೂ ಅದು ಬಾಳುವ ರೀತಿಗೂ ಹೊಂದಿಕೆ ಇಲ್ಲ. ಕೊಳ್ಳುವ ತೀರ್ಮಾನ ಆಗುವುದು ಎರಡು ನಿಮಿಷದಲ್ಲಿ, ಪೇಪರ್ ಪಟ್ಟಿಯ ಮೇಲೆ. ಬಾಳುವುದು ಎಂಟು ಗಂಟೆ, ಚರ್ಮದ ಮೇಲೆ. ಒಮ್ಮೆ ನಾನೂ ಹೀಗೇ ಸಿಕ್ಕಿಬಿದ್ದೆ. ಪಟ್ಟಿಯ ಮೇಲೆ ನಿಂಬೆ ಜಾತಿಯ ಬರ್ಗಮಾಟ್ ಮತ್ತು ಪೆಪ್ಪರ್ ಎಷ್ಟು ಚೆನ್ನಾಗಿತ್ತು ಅಂದರೆ ಹಿಂದೆಮುಂದೆ ನೋಡದೆ ದೊಡ್ಡ ಬಾಟಲಿಯನ್ನೇ ಕೊಂಡೆ. ಮನೆಗೆ ಬಂದು ಕೈಗೆ ಹಚ್ಚಿಕೊಂಡ ಮೇಲೆ, ನಾಲ್ಕನೇ ಗಂಟೆಯಿಂದ ಒಣ, ಚುಚ್ಚುವ ಮರದ ಘಮವೊಂದು ಶುರುವಾಯಿತು. ರಾತ್ರಿ ಮಲಗುವಾಗಲೂ ಅದು ಬಿಡಲಿಲ್ಲ, ತಲೆನೋವು ಬಂತು. ಬರ್ಗಮಾಟ್‌ಗಾಗಿ ಕೊಂಡ ನಾನು ಅದರ ಜೊತೆ ಇದ್ದದ್ದು ಇಪ್ಪತ್ತು ನಿಮಿಷ.

ತಯಾರಕರಿಗೂ ಈ ಎರಡು ನಿಮಿಷದ ಬೆಲೆ ಚೆನ್ನಾಗಿ ಗೊತ್ತು. ಆರಂಭಕ್ಕೆ ಖರ್ಚು ಮಾಡಿ, ನಡುವನ್ನು ತೆಳ್ಳಗೆ ಬಿಟ್ಟು, ಬುಡದಲ್ಲಿ ಬಲವಾದ ಒಂದೆರಡು ಪದಾರ್ಥ ಇಟ್ಟ ಪರ್ಫ್ಯೂಮ್‌ಗಳು ಬೇಕಾದಷ್ಟಿವೆ. ಅಂಥದ್ದನ್ನು ಗುರುತಿಸುವುದು ಸುಲಭ. ಒಂದೂವರೆ, ಎರಡು ಗಂಟೆಯ ಹೊತ್ತಿಗೆ ಮೂಸಿ ನೋಡಿ. ಹೂವಾಗಲಿ, ಮಸಾಲೆಯಾಗಲಿ ಏನೂ ಸಿಗದೆ, ಮುಂದೆ ಐದು ಗಂಟೆಗೆ ಬರಬೇಕಾದ ಘಮವೇ ಆಗಲೇ ಬಂದು ಕೂತಿದ್ದರೆ ನಡುವಿನ ಭಾಗ ಖಾಲಿ ಅಂತ ಅರ್ಥ. ಇದಕ್ಕೆ ಪೂರ್ತಿ ವಿರುದ್ಧ ದಾರಿ ಹಿಡಿದವರೂ ಇದ್ದಾರೆ. 2006ರಲ್ಲಿ ಗೆಜಾ ಶೋನ್ ಎಂಬ ಜರ್ಮನ್ ಪರ್ಫ್ಯೂಮರ್ ‘ಮಾಲೆಕ್ಯೂಲ್ 01’ ತಂದಾಗ ಅದರಲ್ಲಿದ್ದ ಘಮದ ಪದಾರ್ಥ ಒಂದೇ, ಐಸೊ ಇ ಸೂಪರ್. ಟಾಪ್ ಇಲ್ಲ, ಹಾರ್ಟ್ ಇಲ್ಲ. ಮೊದಲ ನಿಮಿಷಕ್ಕೂ ಆರನೇ ಗಂಟೆಗೂ ಘಮ ಒಂದೇ, ಜೋರು ಮಾತ್ರ ಕಮ್ಮಿಯಾಗುತ್ತಾ ಹೋಗುತ್ತದೆ. ನನಗೆ ಅದು ಮೋಸ ಅನಿಸುವುದಿಲ್ಲ. ಏನು ಕೊಂಡೆವೋ ಅದೇ ಕೊನೆವರೆಗೂ ಸಿಗುತ್ತದೆ. ಆದರೂ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದಾಗುವ ಪರ್ಫ್ಯೂಮ್ ಮೇಲೆ ನನಗಿರುವ ಪ್ರೀತಿ ಬೇರೆ.

ನೀವೇ ಪರೀಕ್ಷೆ ಮಾಡುವುದಾದರೆ ಹೀಗೆ ಮಾಡಿ. ದಿನಕ್ಕೆ ಒಂದೇ ಪರ್ಫ್ಯೂಮ್, ಒಂದೇ ಕೈ, ಒಂದೇ ಸ್ಪ್ರೇ, ಒಂದು ಗೇಣು ದೂರದಿಂದ. ಆ ಜಾಗದಲ್ಲಿ ಘಮದ ಸೋಪು, ಕ್ರೀಮ್ ಬೇಡ. ಆಲ್ಕೋಹಾಲ್ ಆರುವವರೆಗೆ ಮೂಗು ಹತ್ತಿರ ತರಬೇಡಿ. ಆಮೇಲೆ ಎರಡನೇ ನಿಮಿಷ, ಇಪ್ಪತ್ತನೇ ನಿಮಿಷ, ಎರಡನೇ ಗಂಟೆ, ಆರನೇ ಗಂಟೆ, ಇಷ್ಟು ಸಲ ಮಾತ್ರ ಮೂಸಿ, ಒಂದೊಂದು ಸಾಲು ಬರೆದಿಡಿ. ನಡುನಡುವೆ ಸುಮ್ನೆ ಮೂಸುತ್ತಾ ಇದ್ದರೆ ಮೂಗು ಒಗ್ಗಿಹೋಗಿ ಆರನೇ ಗಂಟೆಯ ಉತ್ತರ ಕೆಡುತ್ತದೆ. ಪಟ್ಟಿಯ ಮೇಲೂ ಒಂದು ಸ್ಪ್ರೇ ಹಾಕಿ ಇಡಿ. ಕೈಯಲ್ಲಿ ಆರನೇ ಗಂಟೆಗೆ ಸಿಕ್ಕಿದ್ದು ಪಟ್ಟಿಯಲ್ಲಿ ಮರುದಿನ ಸಿಗುತ್ತದೆ, ಮತ್ತೊಮ್ಮೆ ಸಾವಧಾನವಾಗಿ ನೋಡಬಹುದು.

ಹಳೆಯ ಬಾಟಲಿಯನ್ನೂ ಹೀಗೇ ಪರೀಕ್ಷಿಸಬಹುದು. ಬಿಸಿಲಲ್ಲಿಟ್ಟ, ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿಯ ಆಮ್ಲಜನಕ ಮೊದಲು ಕೈ ಹಾಕುವವುಗಳಲ್ಲಿ ಲಿಮೋನಿನ್ ಒಂದು. ಹಾಗಾಗಿ ಕೆಟ್ಟ ಬಾಟಲಿ ತನ್ನ ಕಥೆಯನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಡುತ್ತದೆ. ಕಿತ್ತಳೆಯ ಬದಲು ವಾರ್ನಿಷ್, ಟರ್ಪಂಟೈನ್, ಹಳಸಿದ ಎಣ್ಣೆಯಂಥ ವಾಸನೆ. ಬಹಳ ಜನ ಅಷ್ಟಕ್ಕೇ ಬಾಟಲಿ ಎಸೆಯುತ್ತಾರೆ. ಎಸೆಯುವ ಮೊದಲು ಉಳಿದ ಘಮ ಹೇಗಿದೆ ಅಂತ ನೋಡಬಹುದು. ಆದರೆ ಲಿಮೋನಿನ್ ಕೆಟ್ಟಾಗ ಹುಟ್ಟುವ ಕೆಲವು ಪದಾರ್ಥಗಳಿಂದ ಚರ್ಮ ಕೆರೆಯುವವರಿದ್ದಾರೆ, ಆದ್ದರಿಂದ ಅದನ್ನು ಮೈಗೆ ಹಚ್ಚಬೇಡಿ. ಒಂದು ಪಟ್ಟಿಯ ಮೇಲೆ ಸ್ಪ್ರೇ ಮಾಡಿ ಪಕ್ಕಕ್ಕಿಡಿ, ಒಂದು ಗಂಟೆ ಬಿಟ್ಟು ಬನ್ನಿ. ನನ್ನ ಹತ್ತಿರ ಹದಿನೈದು ವರ್ಷದ ಹಳೆಯ ಬಾಟಲಿಯೊಂದಿದೆ. ಅದರ ಮೊದಲ ಕಾಲು ಗಂಟೆ ಪೂರ್ತಿ ಸತ್ತಿದೆ. ಗುಲಾಬಿಯ ಭಾಗ ಸ್ವಲ್ಪ ಮಸುಕು. ಮರುದಿನ ಬೆಳಗ್ಗೆ ಅದೇ ಪಟ್ಟಿಯನ್ನು ಮೂಸಿದರೆ ವೆನಿಲಾ ಮತ್ತು ಮಸ್ಕ್, ಕೊಂಡ ದಿನ ಹೇಗಿದ್ದವೋ ಹಾಗೇ ಇವೆ.